ಹೆಸರಿಗೊಂದು ಹೆಚ್ಚಿನ ಅಕ್ಷರ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ಕಂಪ್ಯೂಟರ್ ಬಗ್ಗೆ ಏನಾದರೂ ಹೇಳು ಎಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದ್ದಾರೆ. ಇಲ್ಲಿ ಕುಳಿತ ಬಹಳಷ್ಟು ಮಂದಿಗೆ ಉಪಯೋಗಕ್ಕೆ ಬರುವ ಒಂದೇ ವಿಷಯ ಆರಿಸಿಕೊಂಡಿದ್ದೇನೆ. ಸಂಖ್ಯಾಶಾಸ್ತ್ರದವರ ಮಾತು ಕೇಳಿ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಿಸಿದರೆ ಕಾಗದಪತ್ರಗಳಲ್ಲಿ ಏನಾಗುತ್ತದೆ ಎಂಬುದು.

ಮೊದಲು ಎಲ್ಲರಿಗೂ ಗೊತ್ತಿರುವ ಹೆಸರು. ಯಡಿಯೂರಪ್ಪನವರು 2007ರಲ್ಲಿ ತಮ್ಮ ಹೆಸರನ್ನು YEDIYURAPPA ಬದಲು YEDDYURAPPA ಎಂದು ಬರೆಯತೊಡಗಿದರು. 2019ರ ಜುಲೈನಲ್ಲಿ ಮತ್ತೆ ಹಳೆಯ ಸ್ಪೆಲ್ಲಿಂಗಿಗೆ ಮರಳಿದರು. ಇಂಗ್ಲಿಷ್ ಪತ್ರಿಕೆಗಳವರು ಎರಡು ಸಲ ಕೈ ತಿದ್ದಿಕೊಳ್ಳಬೇಕಾಯಿತು. ಕನ್ನಡ ಪತ್ರಿಕೆಗಳಲ್ಲಿ ಎರಡೂ ಸಲ ಒಂದಕ್ಷರವೂ ಕದಲಲಿಲ್ಲ. ಎರಡೂ ಸ್ಪೆಲ್ಲಿಂಗಿನಲ್ಲಿ ಅವರು ಮುಖ್ಯಮಂತ್ರಿ ಆದರು, ಎರಡರಲ್ಲೂ ಅವಧಿ ತುಂಬುವ ಮೊದಲೇ ಇಳಿದರು. ಇದನ್ನು ರಾಜಕೀಯಕ್ಕಾಗಿ ಹೇಳುತ್ತಿಲ್ಲ. ಬದಲಾಗುವುದು ಇಂಗ್ಲಿಷ್ ಅಕ್ಷರ ಮಾತ್ರ, ನಾವು ಕರೆಯುವ ಹೆಸರಲ್ಲ ಎಂಬುದು ತಿಳಿಯಲಿ ಎಂದು.

ಈಗ ನನ್ನ ಗೆಳೆಯನೊಬ್ಬನ ಕಥೆ. ಅವನ ನಿಜ ಹೆಸರು ಬೇಡ, ಬಸವರಾಜ ಎಂದಿಟ್ಟುಕೊಳ್ಳೋಣ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ BASAVARAJ ಎಂದಿದೆ. ಕೆಲಸದಲ್ಲಿ ಎರಡು ಸಲ ಬಡ್ತಿ ತಪ್ಪಿತು. ಮನೆಯವರು ಸಂಖ್ಯಾಶಾಸ್ತ್ರದವರ ಹತ್ತಿರ ಕರೆದುಕೊಂಡು ಹೋದರು. ಅವರ ಲೆಕ್ಕ ಗುಟ್ಟಿನದೇನಲ್ಲ. ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ 1ರಿಂದ 8ರವರೆಗೆ ಒಂದು ಅಂಕಿ ಇರುತ್ತದೆ. A ಮತ್ತು Jಗೆ 1, B ಮತ್ತು Rಗೆ 2, Sಗೆ 3, Vಗೆ 6. ಕೀರೋ ಎಂದು ಪ್ರಸಿದ್ಧನಾದ ಐರ್ಲೆಂಡಿನ ಹಸ್ತಸಾಮುದ್ರಿಕನ ಪುಸ್ತಕದಿಂದ ಈ ಪದ್ಧತಿ ಹೆಚ್ಚು ಪ್ರಚಾರಕ್ಕೆ ಬಂತು. ಬಸವರಾಜನ ಅಕ್ಷರಗಳನ್ನು ಕೂಡಿದರೆ 2+1+3+1+6+1+2+1+1, ಅಂದರೆ 18. ಆ ಪದ್ಧತಿಯಲ್ಲಿ 18 ಕೆಟ್ಟದ್ದು, 19 ಬಹಳ ಒಳ್ಳೆಯದು. ಹಾಗಾಗಿ ಇನ್ನೊಂದು A ಸೇರಿಸಿ BASAVARAAJ ಮಾಡಿಕೊಟ್ಟರು. 18 ಹೋಗಿ 19 ಬಂತು.

ಸಹಿಗೆ, ವಿಸಿಟಿಂಗ್ ಕಾರ್ಡಿಗೆ ಅಷ್ಟೇ ಹಾಕಿಕೊಂಡಿದ್ದರೆ ಯಾವ ತ್ರಾಸವೂ ಇರಲಿಲ್ಲ. ಅವನು 2016ರಲ್ಲಿ ಗೆಜೆಟೆಡ್ ಅಧಿಕಾರಿಯ ಪತ್ರ ತಂದು ಆಧಾರ್ ಬದಲಿಸಿದ. ಆ ಆಧಾರ್ ಕೊಟ್ಟು ಬ್ಯಾಂಕಿನ ಖಾತೆ ಬದಲಿಸಿದ. ಪ್ಯಾನ್ ಮಾತ್ರ ಹಾಗೇ ಉಳಿಯಿತು. ಏಳು ವರ್ಷ ಏನೂ ಆಗಲಿಲ್ಲ. ಈ ವಿಷಯದಲ್ಲಿ ಜನ ಮೋಸ ಹೋಗುವುದು ಇಲ್ಲೇ. ಹೆಸರು ಬದಲಿಸಿದ ದಿನ ಯಾರೂ ತಡೆಯುವುದಿಲ್ಲ, ಎರಡು ಕಾಗದಗಳು ಎದುರುಬದುರಾದ ದಿನ ತಡೆಯುತ್ತಾರೆ.

ಪ್ಯಾನನ್ನು ಆಧಾರಿಗೆ ಜೋಡಿಸಲು 2023ರ ಜೂನ್ 30 ಕೊನೆಯ ದಿನ ಎಂದು ಸರ್ಕಾರ ಹೇಳಿತ್ತಲ್ಲ, ಆಗ ಇವನು ಜೋಡಿಸಲು ಹೋದ. ಹೆಸರು ಹೊಂದುತ್ತಿಲ್ಲ ಎಂದು ಪರದೆಯ ಮೇಲೆ ಬಂತು. ದಿನ ದಾಟಿತು, ಪ್ಯಾನ್ ನಿಷ್ಕ್ರಿಯವಾಯಿತು. ಪ್ಯಾನ್ ನಿಷ್ಕ್ರಿಯವಾದರೆ ಸಂಬಳದಲ್ಲಿ ತೆರಿಗೆಯನ್ನು ಹೆಚ್ಚಿನ ದರದಲ್ಲಿ ಹಿಡಿಯುತ್ತಾರೆ, ಹಿಂದೆ ಬರಬೇಕಾದ ತೆರಿಗೆ ಹಣವೂ ನಿಲ್ಲುತ್ತದೆ. ಅದೇ ವರ್ಷ ಕೆಲಸ ಬದಲಿಸಿದ್ದ. ಹೊಸ ಕಂಪನಿಯವರು ಆಧಾರ್ ನೋಡಿ BASAVARAAJ ಹೆಸರಿನಲ್ಲಿ ಹೊಸ ಪಿಎಫ್ ನಂಬರ್ ಮಾಡಿಸಿದರು. ಹಳೆಯ ಪಿಎಫ್ ಹಣ BASAVARAJ ಹೆಸರಿನಲ್ಲಿ ಕುಳಿತಿತ್ತು. ಎರಡೂ ಒಬ್ಬನವೇ ಎಂದು ಗಣಕಯಂತ್ರ ಒಪ್ಪಲಿಲ್ಲ.

‘ಒಂದ ಅಕ್ಷರಕ್ಕ ಇಷ್ಟ್ಯಾಕ ಕಾಡ್ತದಲೇ ನಿಮ್ಮ ಕಂಪ್ಯೂಟರು?’ ಎಂದು ಅವನು ನನ್ನನ್ನು ಬೈದ. ಉತ್ತರ ಹೇಳಬೇಕಾದದ್ದು ನನ್ನಂಥವರೇ. ನಮಗೆ ಹೆಸರೆಂದರೆ ದನಿ. ಕಂಪ್ಯೂಟರಿಗೆ ದನಿ ಗೊತ್ತಿಲ್ಲ, ಸಾಲಾಗಿ ನಿಂತ ಅಕ್ಷರಗಳು ಗೊತ್ತು. ಎಂಟನೆಯ ಜಾಗದವರೆಗೆ ಎರಡೂ ಹೆಸರು ಒಂದೇ, ಒಂಬತ್ತನೆಯ ಜಾಗದಲ್ಲಿ ಒಂದರಲ್ಲಿ J, ಇನ್ನೊಂದರಲ್ಲಿ A. ಅಲ್ಲಿಗೆ ಹೋಲಿಕೆ ಮುಗಿಯಿತು. ಸ್ವಲ್ಪ ವ್ಯತ್ಯಾಸ ಇದ್ದರೂ ಒಪ್ಪಿಕೊಳ್ಳುವಂತೆ ಬರೆಯಲು ಬರುತ್ತದೆ, ಕೆಲವು ಕಡೆ ಹಾಗೆ ಬರೆದೂ ಇರುತ್ತಾರೆ. ಆದರೆ ಹಣದ ವಿಷಯದಲ್ಲಿ ಕೈ ಬಿಗಿ ಮಾಡುತ್ತಾರೆ, ಅದಕ್ಕೆ ಕಾರಣವೂ ಇದೆ. ನಮ್ಮ ಒಂದೇ ಓಣಿಯಲ್ಲಿ BASAVARAJ ಒಬ್ಬ, BASAVRAJ ಇನ್ನೊಬ್ಬ ಇರಬಹುದು, ಇಬ್ಬರ ಅಡ್ಡಹೆಸರೂ ಒಂದೇ ಇರಬಹುದು. ಒಬ್ಬನ ಹಣ ಇನ್ನೊಬ್ಬನಿಗೆ ಹೋದರೆ ಯಾರು ಹೊಣೆ? ನಮ್ಮ ಊರನ್ನೇ ನೋಡಿ, ಒಂದು ಬೋರ್ಡಿನಲ್ಲಿ MUNDARGI, ಇನ್ನೊಂದರಲ್ಲಿ MUNDARAGI. ಕನ್ನಡವನ್ನು ಇಂಗ್ಲಿಷಿನಲ್ಲಿ ಬರೆಯಲು ಒಂದೇ ದಾರಿ ಇಲ್ಲದ್ದರಿಂದಲೇ ಇಷ್ಟೆಲ್ಲ. ಪಹಣಿಯಲ್ಲಿ ಅವನ ಹೆಸರು ಕನ್ನಡದಲ್ಲಿದೆ. ಅಲ್ಲಿ ಬಸವರಾಜ ಬಸವರಾಜನೇ.

ಅವನ ಮುಂದೆ ಎರಡು ದಾರಿ ಇದ್ದವು. ಒಂದು, ಹೊಸ ಹೆಸರನ್ನೇ ಗಟ್ಟಿ ಮಾಡುವುದು. ಅದಕ್ಕೆ ಛಾಪಾ ಕಾಗದದ ಮೇಲೆ ನೋಟರಿ ಮುಂದೆ ಪ್ರಮಾಣಪತ್ರ, ಪತ್ರಿಕೆಯಲ್ಲಿ ಜಾಹೀರಾತು, ಆಮೇಲೆ ರಾಜ್ಯಪತ್ರದಲ್ಲಿ ಪ್ರಕಟಣೆ. ಅಷ್ಟಾದರೂ ರಾಜ್ಯಪತ್ರ ಹಿಂದಕ್ಕೆ ಹೋಗಿ ಹಳೆಯ ಅಂಕಪಟ್ಟಿಯನ್ನು ತಿದ್ದುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಎಲ್ಲದರಲ್ಲೂ BASAVARAJ ಇದ್ದೇ ಇರುತ್ತದೆ. ಅಂಕಪಟ್ಟಿ ತೋರಿಸುವ ಪ್ರತಿ ಕಡೆಯೂ ಜೊತೆಗೆ ರಾಜ್ಯಪತ್ರದ ಪ್ರತಿ ಹಿಡಿದು ನಿಲ್ಲಬೇಕು.

ಎರಡನೆಯದು, ಅಂಕಪಟ್ಟಿಯ ಹೆಸರಿಗೆ ಮರಳುವುದು. ನಾನು ಇದನ್ನೇ ಹೇಳಿದೆ. ಏಕೆಂದರೆ ಬದಲಿಸಲು ಅತಿ ಕಷ್ಟವಾದ ಕಾಗದ ಅಂಕಪಟ್ಟಿ, ಉಳಿದವು ಅದರ ಕಡೆಗೆ ಬಾಗಬಲ್ಲವು. ಆಧಾರಿನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಜೀವನದಲ್ಲಿ ಎರಡೇ ಅವಕಾಶ. ಅವನು ಒಂದನ್ನು ಆ A ಸೇರಿಸಲು ಖರ್ಚು ಮಾಡಿದ್ದ, ಎರಡನೆಯದನ್ನು ಅದನ್ನು ತೆಗೆಯಲು ಮಾಡಿದ. ಮೊದಲು ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೋರಿಸಿ. ಆಮೇಲೆ 1000 ರೂಪಾಯಿ ಶುಲ್ಕ ಕಟ್ಟಿ ಪ್ಯಾನ್ ಜೋಡಣೆ. ಆಮೇಲೆ ಬ್ಯಾಂಕು. ಕೊನೆಗೆ ಪಿಎಫ್, ಅದಕ್ಕೆ ನೌಕರ ಮತ್ತು ಕಂಪನಿ ಇಬ್ಬರೂ ಸೇರಿ ಕೊಡುವ ಜಂಟಿ ಘೋಷಣೆ ಬೇಕಾಯಿತು. ಈ ಕ್ರಮ ತಪ್ಪಬಾರದು, ಆಧಾರ್ ಸರಿಯಾಗದೆ ಮುಂದಿನದು ಯಾವುದೂ ಸಾಗುವುದಿಲ್ಲ.

ಉಳಿದದ್ದು ಮಗಳ ಜನನ ಪ್ರಮಾಣಪತ್ರ. ಅವಳು 2020ರಲ್ಲಿ ಹುಟ್ಟಿದಾಗ ಆಸ್ಪತ್ರೆಯವರು ಅಪ್ಪನ ಆಧಾರ್ ನೋಡಿ BASAVARAAJ ಎಂದು ಬರೆದರು. ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮೂಲ ದಾಖಲೆಯನ್ನು ಅಳಿಸುವಂತಿಲ್ಲ, ತಿದ್ದುಪಡಿಯನ್ನು ಅಂಚಿನಲ್ಲಿ ಬರೆದು ದಿನಾಂಕ ಹಾಕಿ ನೋಂದಣಾಧಿಕಾರಿ ಸಹಿ ಮಾಡಬೇಕು. ಅಪ್ಪನ ಸಂಖ್ಯಾಶಾಸ್ತ್ರದ ಗುರುತು ಆ ಪುಸ್ತಕದಲ್ಲಿ ಉಳಿಯುತ್ತದೆ. ಆ ಕೆಲಸ ಇನ್ನೂ ನಡೆದಿದೆ.

ಸಂಖ್ಯಾಶಾಸ್ತ್ರ ನಿಜವೋ ಸುಳ್ಳೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ನನಗೆ ನಂಬಿಕೆ ಇಲ್ಲ, ನಮ್ಮ ಅವ್ವನಿಗೆ ಇದೆ, ನಾವಿಬ್ಬರೂ ಒಂದೇ ಮನೆಯಲ್ಲಿ ಉಣ್ಣುತ್ತೇವೆ. ನಂಬುವವರು ಮನೆಯ ಬಾಗಿಲಿನ ಫಲಕದಲ್ಲಿ, ಅಂಗಡಿಯ ಬೋರ್ಡಿನಲ್ಲಿ ಬೇಕಾದಷ್ಟು A ಹಾಕಿಕೊಳ್ಳಲಿ. ದಾಖಲೆಯಲ್ಲೇ ಬೇಕೆಂದರೆ ಅದಕ್ಕೊಂದು ಹೊತ್ತು ಇದೆ. ಮಗುವಿನ ಜನನ ಪ್ರಮಾಣಪತ್ರ ಬರೆಸುವಾಗ, ಒಂದನೆಯ ತರಗತಿಗೆ ಹೆಸರು ಹಚ್ಚುವಾಗ.

ಕೊನೆಯ ಬಾಗಿಲು ಈ ಶಾಲೆಯಲ್ಲೇ ಇದೆ. ಹತ್ತನೆಯ ತರಗತಿಯ ಪರೀಕ್ಷೆಗೆ ಮೊದಲು ಮಂಡಳಿಗೆ ಕಳಿಸುವ ಹೆಸರಿನ ಪಟ್ಟಿಯನ್ನು ಶಾಲೆಯಲ್ಲಿ ತಾಳೆ ನೋಡುತ್ತಾರೆ. ಪಾಲಕರು ಆ ದಿನ ಕೂಲಿ ತಪ್ಪಿದರೂ ಬನ್ನಿ. ಜನನ ಪ್ರಮಾಣಪತ್ರ ಮತ್ತು ಆಧಾರ್ ಎರಡನ್ನೂ ಪಟ್ಟಿಯ ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷ್ ಹೆಸರನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿಸಿ. ಇನಿಷಿಯಲ್ ಹೆಸರಿನ ಮುಂದೆ ಇದೆಯೋ ಹಿಂದೆ ಇದೆಯೋ ಅದನ್ನೂ ನೋಡಿ. ಪಾಲಕರಿಗೆ ಓದಲು ಬರದಿದ್ದರೆ ಗುರುಗಳು ಗಟ್ಟಿಯಾಗಿ ಓದಿ ಹೇಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಆ ಪಟ್ಟಿ ಧಾರವಾಡದ ವಿಭಾಗೀಯ ಕಚೇರಿ ಮುಟ್ಟುವ ಮೊದಲು ತಿದ್ದಲು ಕೆಂಪು ಪೆನ್ನು ಒಂದೇ ಸಾಕು.