ವಿಮಾನ ಕೆಟ್ಟು ನಿಂತ ರಾತ್ರಿ: ಊಟ, ವಸತಿ, ವಾಹನ
(ವಾಚನಾಲಯದ ಸದಸ್ಯರ ಮುಂದೆ ಮಾಡಿದ ಭಾಷಣ)



ಒಂದು ಕಾಲಕ್ಕೆ ಊರಿಗೆ ಹೋಗಿಬರಲು ಬಸ್ಸನ್ನೂ ರೈಲನ್ನೂ ಬಿಟ್ಟರೆ ನಮಗೆ ಬೇರೆ ಗತಿ ಇರಲಿಲ್ಲ. ಈಗ ರಜೆ ಎರಡೇ ದಿನ ಸಿಕ್ಕಿದಾಗ, ಮನೆಯಲ್ಲಿ ಹಿರಿಯರಿಗೆ ಕಾಯಿಲೆಯಾದಾಗ, ಕೈಯಲ್ಲಿದ್ದುದನ್ನು ಒಟ್ಟುಮಾಡಿ ವಿಮಾನದ ಟಿಕೀಟು ಕೊಳ್ಳುವವರು ನಮ್ಮಲ್ಲಿಯೂ ಬಹಳ ಜನ ಇದ್ದಾರೆ. ಹಾಗೆ ಹೊರಟವರ ವಿಮಾನ ಯಂತ್ರದೋಷದಿಂದ ರದ್ದಾದರೆ ಆ ರಾತ್ರಿಯ ಊಟ ಯಾರದು, ಮಲಗುವ ಜಾಗ ಯಾರದು, ಅಲ್ಲಿಗೆ ಹೋಗುವ ಗಾಡಿಯ ಬಾಡಿಗೆ ಯಾರದು ಎಂಬುದಷ್ಟನ್ನೇ ಇಂದು ಹೇಳಲು ನಿಂತಿದ್ದೇವೆ.

ನಮ್ಮ ದೇಶದಲ್ಲಿ ಇದಕ್ಕೆ ಲಿಖಿತ ನಿಯಮವುಂಟು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2010ರಲ್ಲಿ ಇದನ್ನು ಹೊರಡಿಸಿತು. 2016ರಲ್ಲಿಯೂ 2019ರಲ್ಲಿಯೂ ತಿದ್ದಿತು. ವಿಭಾಗ 3, ಶ್ರೇಣಿ ಎಂ, ಭಾಗ 4 ಎಂದು ಅದರ ಗುರುತು. ಇದರಲ್ಲಿ ಎರಡು ಬೇರೆ ಬೇರೆ ಬಾಬ್ತುಗಳಿವೆ. ಒಂದು ಪರಿಹಾರದ ಹಣ. ಇನ್ನೊಂದು, ಕಾಯುವಾಗ ಕೊಡಬೇಕಾದ ಸೌಕರ್ಯ. ಕೌಂಟರಿನ ಮುಂದೆ ನಡೆಯುವ ಜಗಳಗಳಲ್ಲಿ ಬಹುಪಾಲು ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟುವುದರಿಂದ ಆಗುವಂಥವು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕುಂದಾಪುರದ ಕಡೆಯ ಒಬ್ಬರು ತಾಯಿಯನ್ನು ಕರೆದುಕೊಂಡು ಮಂಗಳೂರಿನಿಂದ ಮುಂಬಯಿಗೆ ಹೊರಟಿದ್ದಾರೆ. ವಿಮಾನ ರಾತ್ರಿ 9-30ಕ್ಕೆ. ಹೊತ್ತಿಗೆ ಮುಂಚೆಯೇ ಬಂದು, ಪೆಟ್ಟಿಗೆ ಒಪ್ಪಿಸಿ, ಬೋರ್ಡಿಂಗ್ ಪಾಸು ಪಡೆದಿದ್ದಾರೆ. 9 ಗಂಟೆಗೆ ‘ತಾಂತ್ರಿಕ ಕಾರಣದಿಂದ ವಿಳಂಬ’ ಎಂದು ಪ್ರಕಟಣೆಯಾಗುತ್ತದೆ. ಮೊದಲು 10-30 ಎನ್ನುತ್ತಾರೆ, ಆಮೇಲೆ 11-45.

ಹೀಗೆ ಹೊತ್ತು ಮುಂದೆ ಮುಂದೆ ಹೋಗುವುದಕ್ಕೆ ಕಾರಣವುಂಟು. ದೋಷವನ್ನು ಪರೀಕ್ಷಿಸಿದ ಎಂಜಿನಿಯರು ಸಹಿ ಹಾಕದೆ ವಿಮಾನ ಏಳುವಂತಿಲ್ಲ. ಕೆಲವು ಸಣ್ಣ ದೋಷಗಳನ್ನು ಗುರುತುಹಾಕಿಕೊಂಡು ಹಾರಲು ಅನುಮತಿಯುಂಟು, ಕೆಲವಕ್ಕೆ ಇಲ್ಲ. ಬೇಕಾದ ಬಿಡಿಭಾಗ ಚಿಕ್ಕ ನಿಲ್ದಾಣದಲ್ಲಿ ಇಲ್ಲದಿದ್ದರೆ ದೊಡ್ಡ ಊರಿನಿಂದ ಮತ್ತೊಂದು ವಿಮಾನದಲ್ಲಿ ಬರಬೇಕು. ಅಷ್ಟರಲ್ಲಿ ಚಾಲಕರ ಕೆಲಸದ ಗಂಟೆಗಳ ಮಿತಿ ಮುಗಿದುಬಿಟ್ಟರೆ, ವಿಮಾನ ಸರಿಯಾದರೂ ಹಾರಿಸುವವರಿಲ್ಲ. ರಾತ್ರಿಯ ಕೊನೆಯ ವಿಮಾನ ಎರಡು ಮೂರು ಸಲ ಮುಂದಕ್ಕೆ ಹೋಯಿತೆಂದರೆ ರದ್ದಾಗುವ ಸಂಭವವಿದೆ ಎಂದು ತಿಳಿದು ಸಿದ್ಧರಾಗಿರುವುದು ಒಳ್ಳೆಯದು.

ಮೊದಲು ಊಟದ ವಿಚಾರ. ಎರಡೂವರೆ ಗಂಟೆಯೊಳಗಿನ ಪ್ರಯಾಣಕ್ಕೆ, ಹೊರಡುವುದು 2 ಗಂಟೆ ಅಥವಾ ಹೆಚ್ಚು ತಡವಾಗುವುದೆಂದು ಕಂಡಾಗಲೇ ಊಟ ಉಪಾಹಾರದ ಬಾಧ್ಯತೆ ಹುಟ್ಟುತ್ತದೆ. ಮುಂಬಯಿಯ ಪ್ರಯಾಣ ಈ ಮಿತಿಯ ಒಳಗಿನದೇ. ಆದ್ದರಿಂದ 11-45 ಎಂದು ಹೇಳಿದ ಗಳಿಗೆಯಲ್ಲೇ ನಮ್ಮ ಪ್ರಯಾಣಿಕರು ಕೇಳಬಹುದು. ಎಷ್ಟು ರೂಪಾಯಿಯ ಊಟ ಎಂದು ನಿಯಮ ಹೇಳುವುದಿಲ್ಲ. ‘ಕಾಯುವ ಹೊತ್ತಿಗೆ ತಕ್ಕಂತೆ’ ಎಂದಷ್ಟೇ ಹೇಳುತ್ತದೆ. ಒಂದು ಪೊಟ್ಟಣ ಬಿಸ್ಕತ್ತು ರಾತ್ರಿಯಿಡೀ ಕಾಯುವುದಕ್ಕೆ ತಕ್ಕದ್ದಲ್ಲ ಎಂದು ಶಾಂತವಾಗಿ ಹೇಳಲು ಇಷ್ಟು ಮಾತು ಸಾಕು. ಚೀಟಿ ಕೊಟ್ಟರೆ ಯಾವ ಅಂಗಡಿಯಲ್ಲಿ ನಡೆಯುತ್ತದೆ, ಆ ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಅಲ್ಲೇ ಕೇಳಿಕೊಳ್ಳಬೇಕು.

12 ಗಂಟೆಗೆ ವಿಮಾನ ರದ್ದೆಂದು ಸಾರುತ್ತಾರೆ. ಈಗ ಕೌಂಟರಿನಲ್ಲಿ ಒಂದು ಪ್ರಶ್ನೆ ಬರುತ್ತದೆ: ‘ಹಣ ವಾಪಸು ಬೇಕೋ, ನಾಳೆಯ ವಿಮಾನ ಬೇಕೋ?’ ಇಡೀ ರಾತ್ರಿಯ ಲೆಕ್ಕ ಈ ಒಂದು ಉತ್ತರದ ಮೇಲೆ ನಿಂತಿದೆ. ನಿಯಮವು ಸೌಕರ್ಯ ಕೊಡುವುದು ಹೊತ್ತಿಗೆ ಸರಿಯಾಗಿ ಹಾಜರಾಗಿದ್ದು, ಬದಲಿ ವಿಮಾನಕ್ಕಾಗಿ ಕಾಯುವವರಿಗೆ. ಹಣ ವಾಪಸು ಪಡೆದವರು ಕಾಯುವವರಲ್ಲ; ಅವರ ಸಂಬಂಧ ಅಲ್ಲಿಗೇ ತೀರಿತು, ವಸತಿಯೂ ಇಲ್ಲ, ಗಾಡಿಯೂ ಇಲ್ಲ. ಮರುದಿನ ಹೋಗಲೇಬೇಕಾದವರು ಅವಸರದಲ್ಲಿ ಹಣ ಕೇಳಿದರೆ, ರಾತ್ರಿಯ ಖರ್ಚೂ ಹೊಸ ಟಿಕೀಟಿನ ಏರಿದ ದರವೂ ಅವರ ತಲೆಯ ಮೇಲೆ ಬರುತ್ತದೆ. ಇನ್ನೊಂದು ಮಾತು: ರದ್ದಾದ ಸುದ್ದಿ ಮನೆಯಲ್ಲೇ ತಿಳಿದು ನಿಲ್ದಾಣಕ್ಕೆ ಬಾರದವರಿಗೂ ಈ ಸೌಕರ್ಯ ಇಲ್ಲ.

ನಮ್ಮ ಪ್ರಯಾಣಿಕರು ಮರುದಿನ 11 ಗಂಟೆಯ ವಿಮಾನ ಒಪ್ಪಿದರು. ‘ಅಗತ್ಯವಿದ್ದಾಗ ಹೋಟೆಲು ವಸತಿ, ಹೋಗಿಬರುವ ವಾಹನ ಸಹಿತ’ ಎಂಬುದು ನಿಯಮದ ಅರ್ಥ. ‘ಅಗತ್ಯ’ ಎಂಬ ಮಾತಿನ ಮೇಲೆಯೇ ವಾದ ಬರುವುದು. ಮಂಗಳೂರು ಪೇಟೆಯಲ್ಲೇ ಮನೆಯಿರುವವರಿಗೆ ಹೋಟೆಲು ಸಿಗುವುದು ಕಷ್ಟ. ಇವರ ಮನೆ ಕುಂದಾಪುರದ ಕಡೆ; ಜೊತೆಗೆ ವಯಸ್ಸಾದ ತಾಯಿ; ಮಧ್ಯರಾತ್ರಿ ಬೆಟ್ಟದ ಮೇಲಿನ ಆ ನಿಲ್ದಾಣದಿಂದ ಬಸ್ಸಿಲ್ಲ. ಇಷ್ಟನ್ನು ವಿಳಾಸದ ಸಮೇತ ಹೇಳಿದರೆ ಅಗತ್ಯ ತಾನಾಗಿಯೇ ತೋರುತ್ತದೆ. ತಾಯಿಗೆ ನಡೆಯಲು ಕಷ್ಟವಿದ್ದರೆ ಅದನ್ನು ಮೊದಲೇ ಹೇಳಬೇಕು; ಅಂಥವರನ್ನೂ ಅವರ ಜೊತೆಯವರನ್ನೂ ವಿಶೇಷವಾಗಿ ನೋಡಿಕೊಳ್ಳಬೇಕೆಂದು ನಿಯಮದಲ್ಲಿದೆ.

ಕೌಂಟರು ಬಿಡುವ ಮುನ್ನ ಕೇಳಬೇಕಾದುದು ಮೂರು: ಹೋಟೆಲಿನ ಹೆಸರು, ಕರೆದೊಯ್ಯುವ ಗಾಡಿ ಎಲ್ಲಿ ನಿಲ್ಲುತ್ತದೆ, ಬೆಳಿಗ್ಗೆ ವಾಪಸು ತರುವ ಗಾಡಿ ಎಷ್ಟು ಗಂಟೆಗೆ. ಬೆಳಗಿನ ಗಾಡಿಯನ್ನು ಕೇಳಲು ಮರೆಯುವವರೇ ಹೆಚ್ಚು. ಒಪ್ಪಿಸಿದ ಪೆಟ್ಟಿಗೆಯನ್ನು ವಾಪಸು ಕೊಡುತ್ತಾರೋ ಎಂಬುದನ್ನೂ ಕೇಳಿ. ತಾಯಿಯ ಔಷಧ ಅದರಲ್ಲೇ ಉಳಿದಿರಬಹುದು.

ಇನ್ನು ಪರಿಹಾರದ ಹಣ. 1 ಗಂಟೆಗೆ ಮೇಲ್ಪಟ್ಟು 2 ಗಂಟೆಯವರೆಗಿನ ಪ್ರಯಾಣಕ್ಕೆ 7,500 ರೂಪಾಯಿ ಎಂದು ಕೇಳಿದವರುಂಟು. ಆದರೆ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಎಷ್ಟೋ ಅದು, ಇಲ್ಲವೇ 7,500, ಎರಡರಲ್ಲಿ ಕಡಿಮೆಯದು. ಮೂಲ ದರ 3,400, ಇಂಧನ ಶುಲ್ಕ 500 ಆಗಿದ್ದರೆ ತಲೆಗೆ 3,900 ಮಾತ್ರ. ಅದೂ ಕಂಪನಿಯ ಕೈಮೀರಿದ ಕಾರಣವಾದರೆ ಇಲ್ಲ. ಹವೆ, ಗಲಭೆ, ವಿಮಾನ ಸಂಚಾರ ನಿಯಂತ್ರಣ ಇವುಗಳ ಹೆಸರು ಆ ಪಟ್ಟಿಯಲ್ಲಿವೆ. ಯಂತ್ರದೋಷದ ಹೆಸರು ಇಲ್ಲ. ಆದರೂ ‘ಕೈಮೀರಿದ ಇತರ ಕಾರಣ’ ಎಂಬ ಕೊನೆಯ ಮಾತನ್ನು ಹಿಡಿದು ವಾದಿಸಲು ಕಂಪನಿಗೆ ಎಡೆಯುಂಟು. ಯುರೋಪಿನ ನ್ಯಾಯಾಲಯ 2008ರಲ್ಲಿ, ವಿಮಾನದಲ್ಲಿ ಸಾಮಾನ್ಯವಾಗಿ ಬರುವ ದೋಷ ಅಂಥ ನೆಪವಾಗದೆಂದು ಹೇಳಿತು; ಅದು ಅಲ್ಲಿನ ಕಾಯಿದೆ, ಇಲ್ಲಿ ನೇರವಾಗಿ ನಡೆಯುವುದಿಲ್ಲ. ನಾವು ನೆನಪಿಡಬೇಕಾದುದು ಇಷ್ಟು: ರದ್ದಾದಾಗ ಈ ವಿನಾಯಿತಿ ಇರುವುದು ಪರಿಹಾರದ ಹಣಕ್ಕೆ. ‘ಪರಿಹಾರ ಇಲ್ಲ’ ಎಂದವರಿಗೆ, ‘ಅದು ಆಮೇಲೆ ನೋಡೋಣ, ಈ ರಾತ್ರಿಯ ವಸತಿ ಹೇಳಿ’ ಎನ್ನಬೇಕು.

ಏಜೆಂಟರು ಟಿಕೀಟಿನಲ್ಲಿ ತಮ್ಮದೇ ಫೋನ್ ನಂಬರು ಹಾಕಿಬಿಡುವುದುಂಟು. ಆಗ ರದ್ದಾದ ಸಂದೇಶ ನಮಗೆ ಬರುವುದಿಲ್ಲ. ಸಂಪರ್ಕದ ವಿವರ ಸರಿಯಾಗಿ ಕೊಡದವರಿಗೆ ಪರಿಹಾರವೂ ಇಲ್ಲ. ಟಿಕೀಟು ಕೈಗೆ ಬಂದಾಗಲೇ ಇದನ್ನು ನೋಡಿಕೊಳ್ಳಬೇಕು.

ಕೇಳಿದರೂ ಏನೂ ಕೊಡದಿದ್ದರೆ? ಸಾಧಾರಣ ದರದ ಕೋಣೆ ಹಿಡಿದು, ಕೋಣೆಯದು, ಊಟದ್ದು, ಗಾಡಿಯದು ಎಂದು ಬೇರೆ ಬೇರೆ ರಸೀತಿ ಪಡೆಯಿರಿ. ಬೋರ್ಡಿಂಗ್ ಪಾಸು, ರದ್ದಿನ ಸಂದೇಶ, ಕೇಳಿದ ಹೊತ್ತು, ಉತ್ತರ ಕೊಟ್ಟವರ ಹೆಸರು ಇವನ್ನೂ ಜೊತೆಗಿಡಿ. ಮೊದಲು ಕಂಪನಿಗೆ ಬರೆಯಬೇಕು. ಅಲ್ಲಿ ಆಗದಿದ್ದರೆ ಸರಕಾರದ ಏರ್‌ಸೇವಾ ಎಂಬ ದೂರಿನ ವ್ಯವಸ್ಥೆಯುಂಟು. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಖರ್ಚು ಮಾಡಿದ್ದೆಲ್ಲ ವಾಪಸು ಬಂದೇ ಬರುತ್ತದೆಂದು ನಾವು ಮಾತು ಕೊಡಲಾರೆವು. ರಸೀತಿ ಇಲ್ಲದ ಖರ್ಚು ಮಾತ್ರ ಯಾವ ಮೇಜಿನ ಮುಂದೆಯೂ ನಿಲ್ಲದು. ಲೆಕ್ಕದ ಮೇಜಿನ ಹಿಂದೆ ಕೂತ ನಾವು ಇಷ್ಟನ್ನು ಖಂಡಿತವಾಗಿ ಹೇಳಬಲ್ಲೆವು.

ಅರ್ಜಿ ಬರೆಯಲು ಬಾರದವರು ಭಾನುವಾರ ಬೆಳಿಗ್ಗೆ ರಸೀತಿಗಳ ಸಮೇತ ವಾಚನಾಲಯಕ್ಕೆ ಬಂದರೆ ಬರೆದುಕೊಡುತ್ತೇವೆ.