ಬಾಯಿಯ ಪಸೆ ಮತ್ತು ಬಿಳಿ ಫಿಲ್ಲಿಂಗ್



ಹುಳುಕು ಹಲ್ಲಿಗೆ ತುಂಬುವ ಬಿಳಿ ಸಿಮೆಂಟು ಎಲ್ಲ ಒಂದೇ ಎಂದು ಕಂಪ್ಲಿಯಲ್ಲಿ ಅನೇಕರು ತಿಳಿದಿದ್ದಾರೆ. ಹಾಗಲ್ಲ. ಕಾಂಪೋಸಿಟ್ ಒಂದು, ಗ್ಲಾಸ್ ಅಯನೋಮರ್ ಇನ್ನೊಂದು. ಇವೆರಡರ ವ್ಯತ್ಯಾಸ ನನಗೆ ಸರಿಯಾಗಿ ಮನದಟ್ಟಾದದ್ದು ನಾನೇ ಮಾಡಿದ ಒಂದು ತಪ್ಪಿನಿಂದ.

ಒಬ್ಬ ತಾಯಿಯ ಕೆಳದವಡೆಯ ಎರಡು ದವಡೆಹಲ್ಲುಗಳ ನಡುವೆ ಹುಳುಕಿತ್ತು. ಗುಂಡಿಯ ಕೆಳ ಅಂಚು ಒಸಡಿನ ಒಳಗಿತ್ತು. ಪೂರ್ತಿ ಕಾಂಪೋಸಿಟ್ ತುಂಬಿದೆ. ಎಂಟು ತಿಂಗಳಿಗೆ ಮರಳಿ ಬಂದು, "ತಣ್ಣೀರು ಕುಡಿದರೆ ಜುಮ್ ಅಂತದ್ರಿ ಡಾಕ್ಟ್ರೆ, ಊಟ ಮಾಡಿದ್ದೆಲ್ಲ ಅಲ್ಲೇ ಸಿಗೀತದ" ಎಂದರು. ಮೇಲೆ ನೋಡಿದರೆ ಫಿಲ್ಲಿಂಗ್ ಚೆನ್ನಾಗಿಯೇ ಇತ್ತು. ಎಕ್ಸ್‌ರೇಯಲ್ಲಿ ಮಾತ್ರ ಅದರ ಕೆಳ ಅಂಚಿನ ಅಡಿಯಲ್ಲಿ ಕಪ್ಪು ನೆರಳು: ಹೊಸ ಹುಳುಕು.

ಕಾರಣ ಕೇಳಿ. ಕಾಂಪೋಸಿಟ್ ಎಂದರೆ ಗಾಜಿನ ನುಣ್ಪುಡಿ ಬೆರೆಸಿದ ರಾಳ. ಅದು ಹಲ್ಲಿಗೆ ತಾನಾಗಿ ಅಂಟುವುದಿಲ್ಲ. ಸುಮಾರು 37 ಶೇಕಡಾ ಫಾಸ್ಫಾರಿಕ್ ಆಮ್ಲವನ್ನು 15 ಸೆಕೆಂಡು ಹಚ್ಚಿ, ತೊಳೆದು, ಮೇಲೆ ಅಂಟುದ್ರವ ಸವರಬೇಕು. ನಂತರ 2 ಮಿಲಿಮೀಟರಿನಂತೆ ಪದರ ಪದರವಾಗಿ ಇಟ್ಟು ನೀಲಿ ಬೆಳಕಿನಿಂದ ಗಟ್ಟಿ ಮಾಡಬೇಕು. ಗಟ್ಟಿಯಾಗುವಾಗ ಅದು ಸ್ವಲ್ಪ ಕುಗ್ಗುತ್ತದೆ. ಅಂಟು ಬಲವಾಗಿದ್ದರೆ ತಡೆದೀತು. ಆದರೆ ಒಸಡಿನ ಒಳಗೆ ಎನಾಮೆಲ್ ಇಲ್ಲ, ರಕ್ತ, ಜೊಲ್ಲು ಒಸರುತ್ತಲೇ ಇರುತ್ತವೆ. ಅಲ್ಲಿ ಅಂಟು ಬಿಟ್ಟು ಕೂದಲೆಳೆಯಷ್ಟು ಸಂದಿ ಆಯಿತು.

ಗ್ಲಾಸ್ ಅಯನೋಮರ್‌ನ್ನು ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ 1970ರ ಆಸುಪಾಸಿನಲ್ಲಿ ರೂಪಿಸಿದರು. ಅದು ಗಾಜಿನ ಪುಡಿ ಮತ್ತು ಆಮ್ಲದ್ರವದ ಮಿಶ್ರಣ. ಹಲ್ಲಿನ ಕ್ಯಾಲ್ಸಿಯಂ ಜೊತೆ ನೇರವಾಗಿ ಬೆಸೆಯುತ್ತದೆ, ಸ್ವಲ್ಪ ಪಸೆಯನ್ನೂ ಸಹಿಸುತ್ತದೆ, ಫ್ಲೋರೈಡ್ ಬಿಡುತ್ತದೆ. ಮೊದಲ ದಿನಗಳಲ್ಲಿ ಹೆಚ್ಚು, ಆಮೇಲೆ ಕಡಿಮೆ. ಆದರೆ ಅಗಿಯುವ ಒತ್ತಡಕ್ಕೆ ಬೇಗ ಸವೆಯುತ್ತದೆ, ಮುಕ್ಕಾಗುತ್ತದೆ.

ಆದ್ದರಿಂದ ಎರಡನೆಯ ಸಲ ಎರಡನ್ನೂ ಬಳಸಿದೆ. ಕೆಳಗೆ ಒಸಡಿನ ಅಂಚಿಗೆ ರಾಳ ಬೆರೆತ ಗ್ಲಾಸ್ ಅಯನೋಮರ್, ಅಗಿಯುವ ಮೇಲ್ಭಾಗಕ್ಕೆ ಕಾಂಪೋಸಿಟ್. ಸಾದಾ ಅಯನೋಮರ್ ಅಂಥ ಅಂಚಿನಲ್ಲಿ ವರ್ಷಗಳು ಕಳೆದಂತೆ ಕರಗಬಹುದು, ಅದಕ್ಕೇ ರಾಳ ಬೆರೆತದ್ದು.

ಕೈಯಿಂದ ಕಲಸುವ ಅಯನೋಮರ್‌ಗೆ ನಮ್ಮ ಬಳ್ಳಾರಿ ಸೀಮೆಯ ಬೇಸಿಗೆಯೂ ಒಂದು ವೈರಿ. ಸೆಖೆಗೆ ಅದು ಬೇಗ ಬಿಗಿಯುತ್ತದೆ. ಕಲಸಿದ್ದು ಹೊಳೆಯುತ್ತಿರುವಾಗಲೇ ಗುಂಡಿಗೆ ಹೋಗಬೇಕು. ಹೊಳಪು ಹೋಯಿತೆಂದರೆ ಅಂಟುವ ಶಕ್ತಿಯೂ ಹೋದಂತೆ, ಎಸೆದು ಹೊಸದಾಗಿ ಕಲಸುವುದೇ ಸರಿ. ಗಾಜಿನ ಹಲಗೆಯನ್ನು ತಣ್ಣಗೆ ಇಡುತ್ತೇನೆ, ಆದರೆ ಮೇಲೆ ನೀರಹನಿ ಕೂರದಂತೆ ಒರೆಸಿಕೊಳ್ಳಬೇಕು. ತುಂಬಿದ ಮೇಲೆ ವಾರ್ನಿಷ್ ಅಥವಾ ವ್ಯಾಸಲೀನ್ ಸವರುತ್ತೇನೆ. ಮೊದಲ ಹೊತ್ತಿನಲ್ಲಿ ನೀರು ತಾಗಿದರೂ, ಪೂರಾ ಒಣಗಿದರೂ ಅದು ಕೆಡುತ್ತದೆ.

ಕ್ರಿಕೆಟ್ ಚೆಂಡಿಗೆ ಮುರಿದ ಮುಂದಿನ ಹಲ್ಲಿಗೆ ಕಾಂಪೋಸಿಟ್‌ನದೇ ಕೆಲಸ: ಬಣ್ಣ ಹೊಂದುತ್ತದೆ, ಒಣಗಿಸುವುದೂ ಸುಲಭ. ಕುರ್ಚಿಯಲ್ಲಿ ನಿಲ್ಲದೆ ಅಳುವ ಮಗುವಿನ ಹಾಲುಹಲ್ಲಿನ ಸಣ್ಣ ಗುಂಡಿಗೆ ನಾನು ಅಯನೋಮರ್ ಆರಿಸುತ್ತೇನೆ.

ಆ ತಾಯಿಯ ಹಲ್ಲಿನ ಸಂದಿಗೆ ಈಗ ದಾರ ಎಳೆದರೆ ಎಳೆ ಬಿಚ್ಚದೆ ನಯವಾಗಿ ಬರುತ್ತದೆ. ಆದರೂ ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆದು ಆ ಕೆಳ ಅಂಚನ್ನು ನೋಡುತ್ತಿದ್ದೇನೆ.