ಒದ್ದ ಬಕೇಟು, ಕೈಕೊಟ್ಟ ಮಳೆ



ಹಿರಿಯೂರಿನ ಕಡೆಯ ರೈತನೊಬ್ಬನ ಮುಂದೆ ನಿಂತು, "ನಮ್ಮೂರಿನ ಮುದುಕ ಬಕೇಟನ್ನು ಒದ್ದನಂತೆ" ಎಂದು ನೀವು ಹೇಳಿದಿರೆಂದು ಭಾವಿಸೋಣ. ಆತನು ಕೇಳುವ ಮೊದಲ ಮಾತು, "ನೀರೆಲ್ಲಾ ಚೆಲ್ಲಿಹೋಯ್ತೇನು ಸ್ವಾಮಿ?" ಎಂಬುದಾಗಿರುತ್ತದೆ. ನೀರಿಗೆ ಬೆಲೆಯುಳ್ಳ ಸೀಮೆಯವನಿಗೆ ಸಹಜವಾದ ಪ್ರಶ್ನೆಯೇ. ಆದರೆ ನೀವು ತಿಳಿಸಹೊರಟದ್ದು ಒಂದು ಸಾವಿನ ಸುದ್ದಿ.

ಆಂಗ್ಲರ "ಕಿಕ್ ದ ಬಕೆಟ್" ಎಂಬ ನುಡಿಗಟ್ಟಿಗೆ ಸಾಯುವುದೆಂದು ಅರ್ಥ. ಫ್ರಾನ್ಸಿಸ್ ಗ್ರೋಸ್ ಎಂಬಾತನು 1785ರಲ್ಲಿ ಅಚ್ಚು ಹಾಕಿಸಿದ ಬೀದಿಮಾತುಗಳ ನಿಘಂಟಿನಲ್ಲಿಯೇ ಇದು ದೊರೆಯುತ್ತದೆ. ಇದರ ಹುಟ್ಟನ್ನು ಕುರಿತು ಒಮ್ಮತವಿಲ್ಲ. ಕೊಂದ ಹಂದಿಯನ್ನು ಕಾಲು ಕಟ್ಟಿ ತೂಗುಹಾಕುತ್ತಿದ್ದ ತೊಲೆಗೆ ಇಂಗ್ಲೆಂಡಿನ ಕೆಲವು ಸೀಮೆಗಳಲ್ಲಿ "ಬಕೆಟ್" ಎಂಬ ಹೆಸರಿತ್ತು. ಸಾಯುವಾಗಿನ ಒದ್ದಾಟದಲ್ಲಿ ಅದರ ಕಾಲು ತೊಲೆಗೆ ಬಡಿಯುತ್ತಿತ್ತೆಂಬುದು ಒಂದು ವಿವರಣೆ. ಅದು ನಿಜವಾದರೆ, ಇಲ್ಲಿ ನೀರು ಸೇದುವ ಪಾತ್ರೆಯ ಮಾತೇ ಇಲ್ಲ! ಇಂದಿನ ಆಂಗ್ಲನಿಗಂತೂ ತೊಲೆಯ ನೆನಪೂ ಇಲ್ಲ, ಪಾತ್ರೆಯ ನೆನಪೂ ಇಲ್ಲ. ಮೂರು ಪದಗಳೂ ಸೇರಿ ಅವನಿಗೆ ಒಂದೇ ಕ್ರಿಯಾಪದ. "ಬಕೇಟು ಅವನಿಂದ ಒದೆಯಲ್ಪಟ್ಟಿತು" ಎಂಬ ರೀತಿಯಲ್ಲಿ ತಿರುಗಿಸಿದರೆ ಸಾವಿನ ಅರ್ಥ ಮಾಯವಾಗಿ ಬರಿಯ ಬಕೇಟು ಉಳಿಯುತ್ತದೆ.

ಜಾಣನಾದ ಭಾಷಾಂತರಕಾರನು, "ಬಕೇಟು ಬೇಡ, ನಮ್ಮದೇ ಆದ ಕೊಡವನ್ನು ಇಡೋಣ" ಎಂದಾನು. ಇದು ಇನ್ನೂ ಅಪಾಯದ ದಾರಿ. ಶವವನ್ನು ದಹಿಸುವ ಮನೆತನಗಳಲ್ಲಿ ಕರ್ತೃವಾದ ಮಗನು ನೀರಿನ ಕೊಡವನ್ನು ಹೊತ್ತು ಚಿತೆಯನ್ನು ಸುತ್ತಿ, ಕೊನೆಗೆ ಅದನ್ನು ಒಡೆಯುವುದುಂಟಷ್ಟೆ. ಕೊಡವೆಂದೊಡನೆ ಕೇಳುವವನ ಮನಸ್ಸು ಮಸಣಕ್ಕೇನೋ ಹೋಗುತ್ತದೆ. ಆದರೆ ಅಲ್ಲಿ ಕೊಡ ಒಡೆಯುವವನು ಬದುಕಿರುವವನು. ಸತ್ತವನು ಯಾರು, ಅತ್ತವನು ಯಾರು ಎಂಬುದೇ ಅದಲುಬದಲಾಗುತ್ತದೆ.

ಹಾಗಾದರೆ ಏನು ಮಾಡತಕ್ಕದ್ದು? ಸಾವಿಗೆ ಕನ್ನಡದಲ್ಲಿ ಮಾತಿನ ಬಡತನವಿಲ್ಲ. ಹೊಳಲ್ಕೆರೆಯ ವೀರಶೈವ ಹಿರಿಯರೊಬ್ಬರು ಲಿಂಗೈಕ್ಯರಾಗುತ್ತಾರೆ. ಮತ್ತೊಬ್ಬರ ಮನೆಯಲ್ಲಿ ವೈಕುಂಠವಾಸಿಗಳಾಗುತ್ತಾರೆ. ಹೊಸದುರ್ಗದ ನೆರೆಮನೆಯವರು ತೀರಿಕೊಳ್ಳುತ್ತಾರೆ. ಇವೆಲ್ಲವೂ ಗೌರವದ ನುಡಿಗಳು. ಆಂಗ್ಲರ ನುಡಿಗಟ್ಟಿನಲ್ಲಿರುವುದೋ ಹಗುರವಾದ, ಕೊಂಚ ಕುಚೋದ್ಯದ ದನಿ. ಶವದ ಪಕ್ಕದಲ್ಲಿ ಕುಳಿತ ಹೆಂಡತಿಗೆ ಯಾವ ಆಂಗ್ಲನೂ ಆ ಮಾತನ್ನು ಆಡಲಾರನು. ಆದುದರಿಂದ ಕಾದಂಬರಿಯೊಂದರಲ್ಲಿ ನಿರಾಶನಾದ ಅಳಿಯನು ಮಾವನನ್ನು ಕುರಿತು ಹೀಗೆಂದಿದ್ದರೆ, "ಮುದುಕ ಗೊಟಕ್ಕೆಂದ, ಒಂದು ಕಾಸನ್ನೂ ಬಿಟ್ಟುಹೋಗಲಿಲ್ಲ" ಎಂದೇ ಬರೆಯಬೇಕು. "ಮಾವನವರು ದೈವಾಧೀನರಾದರು" ಎಂದು ಬರೆದರೆ ಅರ್ಥ ಸರಿ, ಅಳಿಯ ಮಾತ್ರ ತಪ್ಪು.

"ಗೊಟಕ್" ಎಂಬುದು ಇನ್ನೊಂದು ಪರೀಕ್ಷೆಯಲ್ಲಿಯೂ ಗೆಲ್ಲುತ್ತದೆ. ರೋಗಿಯು ಮೂರು ವಾರ ಸಾಯುತ್ತಿದ್ದನೆಂದು ಇಂಗ್ಲಿಷಿನಲ್ಲಿ ಹೇಳಬಹುದು. ಮೂರು ವಾರ ಬಕೇಟು ಒದೆಯುತ್ತಿದ್ದನೆಂದು ಹೇಳುವಂತಿಲ್ಲ, ಏಕೆಂದರೆ ಅದು ಒಂದು ಕ್ಷಣದ ಕೆಲಸ. ಕನ್ನಡದಲ್ಲಿಯೂ ಮೂರು ವಾರ ಯಾರೂ ಗೊಟಕ್ಕೆನ್ನುತ್ತ ಮಲಗಿರುವುದಿಲ್ಲ. ಪದ ಬೇರೆ, ಚಿತ್ರ ಬೇರೆ. ಆದರೂ ದನಿಯೂ ಗತಿಯೂ ಒಂದೇ.

ಈ ಉಪಾಯಕ್ಕೂ ಒಂದು ಎಲ್ಲೆಯುಂಟು. 1963ರಲ್ಲಿ ಬಂದ "ಇಟ್ಸ್ ಎ ಮ್ಯಾಡ್, ಮ್ಯಾಡ್, ಮ್ಯಾಡ್, ಮ್ಯಾಡ್ ವರ್ಲ್ಡ್" ಎಂಬ ಚಲನಚಿತ್ರದಲ್ಲಿ ಪ್ರಾಣ ಬಿಡುವವನ ಕಾಲು ನಿಜವಾಗಿಯೇ ಒಂದು ಬಕೇಟಿಗೆ ಬಡಿಯುತ್ತದೆ. ಆಂಗ್ಲ ಪ್ರೇಕ್ಷಕರು ನಗುತ್ತಾರೆ. ನಮ್ಮವರಿಗೆ ಕಾಣುವುದು ಬರಿಯ ಬಕೇಟು. ಇಲ್ಲಿ ಯಾವ ಭಾಷಾಂತರಕಾರನೂ ಸೋಲೊಪ್ಪಲೇಬೇಕು.

ಇನ್ನು ತಿರುಗುಮುರುಗು ನೋಡೋಣ. ಚಿತ್ರದುರ್ಗದ ಸೀಮೆಯಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತು "ಮಳೆ ಕೈಕೊಟ್ಟಿತು" ಎಂಬುದು. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದುದಾದ ಮೇಲೆ, ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತೆಂದರೆ ಈ ಮಾತಿನ ಬಳಕೆ ಏಕೆ ಹೆಚ್ಚೆಂಬುದು ತಿಳಿದೀತು. ರೈತನು ಬರದ ಪರಿಹಾರಕ್ಕಾಗಿ ಅರ್ಜಿ ಬರೆಸಿ, ಅದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಿರುಗಿಸಿದರೆ ಏನಾಗುತ್ತದೆ? ಆ ಭಾಷೆಯಲ್ಲಿ ಕೈ ಕೊಡುವುದೆಂದರೆ ನೆರವಾಗುವುದು. "ಮಳೆ ನೆರವಾಯಿತು, ಪರಿಹಾರ ಕೊಡಿ" ಎಂದು ಅರ್ಜಿ ಹೋಗಿ ಕೂರುತ್ತದೆ!

ಮೋಜೆಂದರೆ, ಕನ್ನಡದಲ್ಲಿಯೂ ಕೈ ಕೊಡುವುದು ಎರಡು ಬಗೆ. ಹುಲ್ಲಿನ ಹೊರೆಯ ಮುಂದೆ ನಿಂತ ಹೆಂಗಸು "ಒಂದಿಷ್ಟು ಕೈ ಕೊಡಪ್ಪಾ" ಎಂದರೆ ಹೊರೆ ಎತ್ತಿಕೊಡೆಂದು ಕೇಳಿದಂತೆ. ಅದೇ ಹೆಂಗಸು ಸಂಜೆ ಮನೆಗೆ ಬಂದು "ಆ ಹುಡುಗ ಕೈಕೊಟ್ಟ" ಎಂದರೆ, ಅವನು ಬರುತ್ತೇನೆಂದವನು ಬರಲೇ ಇಲ್ಲ, ಹೊರೆಯನ್ನು ಆಕೆಯೇ ಹೊತ್ತುತಂದಳು.